ಮಾರ್ಜಿನ್ ‘ಕ್ಲೋಸ್’ ಅಂದರೆ ಕೇಸು ಮುಗಿಯಿತು ಅಂತಲ್ಲ

ಪ್ರಶ್ನೆ: ನಾವು ಜಮಖಂಡಿ ತಾಲ್ಲೂಕಿನವರು. ಅಪ್ಪಾಜಿಗೆ 58 ವರ್ಷ. ಎಡಗೆನ್ನೆಯ ಒಳಗೆ ಹುಣ್ಣಾಗಿತ್ತು, ಚೂರು ತೆಗೆದು ಪರೀಕ್ಷೆ ಮಾಡಿಸಿದಾಗ ‘ಗ್ರೇಡ್ 1’ ಕ್ಯಾನ್ಸರ್ ಅಂತ ಬಂತು. ಮೂರು ವಾರ ಬಿಟ್ಟು ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಈಗಿನ ರಿಪೋರ್ಟಿನಲ್ಲಿ ‘ಗ್ರೇಡ್ 2, ಮಾರ್ಜಿನ್ ಕ್ಲೋಸ್, pT2 pN1’ ಅಂತ ಇದೆ, ಡಾಕ್ಟರು ‘ಸ್ಟೇಜ್ 3’ ಅಂದರು. ಮೂರೇ ವಾರದಲ್ಲಿ ಒಂದರಿಂದ ಮೂರಕ್ಕೆ ಹೋಯಿತಾ? ಮಾರ್ಜಿನ್ ಕ್ಲೋಸ್ ಆಗಿದೆ ಅಂದಮೇಲೆ ಮತ್ತೆ ಕರೆಂಟು, ಅಂದರೆ ರೇಡಿಯೇಷನ್, ಯಾಕೆ ಕೊಡಬೇಕು ಅಂತ ಕಾಕಾ ಜಗಳ ತೆಗೆದಿದ್ದಾರೆ. ರಿಪೋರ್ಟಿನ ಫೋಟೋ ಕಳಿಸಿದ್ದೇನೆ.

ಉತ್ತರ: ಕಾಕಾ ಅವರ ಜಗಳದಿಂದಲೇ ಶುರು ಮಾಡೋಣ. ‘ಕ್ಲೋಸ್’ ಅಂದರೆ ಇಲ್ಲಿ ಮುಚ್ಚಿತು, ಮುಗಿಯಿತು ಅಂತಲ್ಲ. ಹತ್ತಿರ ಅಂತ. ಕ್ಯಾನ್ಸರ್ ಕತ್ತರಿಸಿದ ಅಂಚಿನ ಹತ್ತಿರಕ್ಕೆ ಬಂದಿತ್ತು ಅನ್ನುವುದನ್ನೇ ನಮ್ಮವರು ‘ಮಾರ್ಜಿನ್ ಕ್ಲೋಸ್’ ಅಂತ ಬರೆಯುತ್ತಾರೆ. ನಾನು ಪೆಥಾಲಜಿಸ್ಟ್, ಇಂಥ ರಿಪೋರ್ಟು ಬರೆಯುವುದೇ ನನ್ನ ಕೆಲಸ. ಈ ಒಂದು ಪದದಿಂದ ಎಷ್ಟು ಮನೆಯವರು ಸಮಾಧಾನ ಮಾಡಿಕೊಂಡು ಊರಿಗೆ ಹೋಗಿಬಿಟ್ಟಿದ್ದಾರೋ ಲೆಕ್ಕವಿಲ್ಲ. ‘ಪಾಸಿಟಿವ್’ ಅನ್ನುವುದೂ ಹಾಗೇ. ಮಾರ್ಜಿನ್ ಪಾಸಿಟಿವ್ ಅಂದರೆ ಒಳ್ಳೆಯ ಸುದ್ದಿಯಲ್ಲ, ಅಂಚಿನಲ್ಲೇ ಕ್ಯಾನ್ಸರ್ ಕಣ ಸಿಕ್ಕಿದೆ ಅಂತ.

ಹೊಲದಲ್ಲಿ ಕರಿಕೆ ಕೀಳುವಾಗ ನೀವು ಹುಲ್ಲನ್ನಷ್ಟೇ ಕೀಳುವುದಿಲ್ಲ ಅಲ್ವಾ? ಬೇರಿನ ಸುತ್ತಲಿನ ಮಣ್ಣನ್ನೂ ಅಗೆದು ತೆಗೆಯುತ್ತೀರಿ. ಸರ್ಜನ್ ಕೂಡ ಗಡ್ಡೆಯ ಸುತ್ತ ಸುಮಾರು ಒಂದು ಸೆಂಟಿಮೀಟರ್ ಚೆನ್ನಾಗಿರುವ ಭಾಗವನ್ನು ಸೇರಿಸಿಯೇ ಕೊಯ್ಯುತ್ತಾರೆ. ಆ ಚೆನ್ನಾಗಿರುವ ಪಟ್ಟಿಯೇ ಮಾರ್ಜಿನ್. ಅದರ ಅಗಲ ಎಷ್ಟಿದೆ ಅನ್ನುವುದನ್ನು ನಾವು ಅಳೆಯುತ್ತೇವೆ.

ಅಳೆಯುವುದು ಹೇಗೆ ಅಂತ ಗೊತ್ತಾದರೆ ಅಪ್ಪಾಜಿಯ ರಿಪೋರ್ಟಿನಲ್ಲಿ ಮಾರ್ಜಿನ್ 3 ಮಿ.ಮೀ. ಅಂತ ಬರೆದಿರುವುದು ನಿಮಗೆ ಅರ್ಥವಾಗುತ್ತದೆ. ಆಪರೇಷನ್ ಥಿಯೇಟರಿನಿಂದ ತುಂಡು ಫಾರ್ಮಲಿನ್ ತುಂಬಿದ ಡಬ್ಬಿಯಲ್ಲಿ ನಮ್ಮ ಟೇಬಲ್ಲಿಗೆ ಬರುತ್ತದೆ. ಮೇಲೆ ಯಾವುದು, ಮುಂದೆ ಯಾವುದು ಅಂತ ತಿಳಿಯಲಿ ಎಂದು ಸರ್ಜನ್ ಒಂದು ಕಡೆ ಉದ್ದ ದಾರ, ಇನ್ನೊಂದು ಕಡೆ ಗಿಡ್ಡ ದಾರ ಹಾಕಿ ಕಳಿಸಿರುತ್ತಾರೆ. (ಒಂದು ಸಲ ದಾರವೇ ಇಲ್ಲದೆ ಒಂದು ಕೆನ್ನೆಯ ತುಂಡು ಬಂದಿತ್ತು. ಅಂಚಿನಲ್ಲಿ ಕ್ಯಾನ್ಸರ್ ಇದೆ ಅಂತ ನನಗೆ ಕಾಣುತ್ತಿತ್ತು, ಆದರೆ ಅದು ತುಟಿ ಕಡೆಯ ಅಂಚೋ ಗಂಟಲ ಕಡೆಯದೋ ಹೇಳಲು ಬರಲಿಲ್ಲ. ಕೊನೆಗೆ ಸರ್ಜನ್ನರನ್ನೇ ಕರೆಸಿ ಟೇಬಲ್ ಮುಂದೆ ನಿಲ್ಲಿಸಿಕೊಂಡೆ.) ಆ ತುಂಡಿನ ಹೊರಮೈಗೆಲ್ಲ ಶಾಯಿ ಬಳಿಯುತ್ತೇವೆ, ಒಂದೊಂದು ಬದಿಗೆ ಒಂದೊಂದು ಬಣ್ಣ. ಆಮೇಲೆ ಬ್ರೆಡ್ಡಿನ ಹಾಗೆ ಹೋಳು ಮಾಡಿ, ಬೇಕಾದ ಹೋಳನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು ಗಾಜಿನ ಮೇಲೆ ಇಡುತ್ತೇವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಾಯಿಯ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ಅದರಿಂದ ಅತಿ ಹತ್ತಿರದ ಕ್ಯಾನ್ಸರ್ ಕಣದವರೆಗೆ ಎಷ್ಟು ದೂರ, ಅಷ್ಟೇ ಮಾರ್ಜಿನ್.

ಬಾಯಿಯ ಕ್ಯಾನ್ಸರಿನಲ್ಲಿ ಆ ದೂರ 5 ಮಿ.ಮೀ. ಅಥವಾ ಹೆಚ್ಚಿದ್ದರೆ ‘ಕ್ಲಿಯರ್’ ಅನ್ನುತ್ತಾರೆ. 5ಕ್ಕಿಂತ ಕಡಿಮೆ ಇದ್ದರೆ ‘ಕ್ಲೋಸ್’. ಶಾಯಿಗೇ ತಾಗಿದ್ದರೆ, ಅಥವಾ ಬಹಳ ಆಸ್ಪತ್ರೆಗಳ ಲೆಕ್ಕದಲ್ಲಿ 1 ಮಿ.ಮೀ. ಒಳಗಿದ್ದರೂ, ‘ಪಾಸಿಟಿವ್’. ಅಪ್ಪಾಜಿಯದು 3 ಮಿ.ಮೀ. ಫೋಟೋದಲ್ಲಿ ಇನ್ನೊಂದು ಸಾಲು ನೋಡಿ, ಮೇಲೆ, ಕೆಳಗೆ, ಹಿಂದೆ, ಮುಂದೆ ನಾಲ್ಕೂ ಕಡೆ 8 ಮಿ.ಮೀ.ಗಿಂತ ಜಾಸ್ತಿ ಇದೆ. ಹತ್ತಿರ ಬಂದಿರುವುದು ‘ಡೀಪ್ ಮಾರ್ಜಿನ್’ ಒಂದೇ, ಅಂದರೆ ಆಳದ ಕಡೆ. ಕೆನ್ನೆ ಎಷ್ಟು ದಪ್ಪ ಇರುತ್ತದೆ ನೀವೇ ಬೆರಳಲ್ಲಿ ಹಿಡಿದು ನೋಡಿ. ಒಳಪೊರೆ, ಸ್ನಾಯು, ಸ್ವಲ್ಪ ಕೊಬ್ಬು, ಆಮೇಲೆ ಹೊರಗಿನ ಚರ್ಮವೇ. ಆಳದಲ್ಲಿ ಒಂದು ಸೆಂಟಿಮೀಟರ್ ಜಾಸ್ತಿ ತೆಗೆಯಲು ಹೋದರೆ ಕೆನ್ನೆಗೆ ತೂತೇ ಬೀಳುತ್ತದೆ. ಜೊತೆಗೆ ಕೊಯ್ದ ತುಂಡು ಮುದುರಿಕೊಳ್ಳುತ್ತದೆ. ದೇಹದಲ್ಲಿದ್ದಾಗ ಒಂದು ಸೆಂಟಿಮೀಟರ್ ಇದ್ದ ಪಟ್ಟಿ ನನ್ನ ಟೇಬಲ್ಲಿಗೆ ಬರುವಷ್ಟರಲ್ಲಿ ಎಷ್ಟೋ ಸಲ 6-7 ಮಿ.ಮೀ. ಆಗಿರುತ್ತದೆ. ಹಾಗಾಗಿ 3 ಮಿ.ಮೀ. ನೋಡಿದ ತಕ್ಷಣ ‘ಸರ್ಜನ್ ಸರಿಯಾಗಿ ಕೊಯ್ಯಲಿಲ್ಲ’ ಅಂತ ತೀರ್ಮಾನ ಮಾಡಬೇಡಿ. ಕೇಳಬೇಕಾದ ಪ್ರಶ್ನೆ ಒಂದಿದೆ. ಗಡ್ಡೆ ತೆಗೆದಮೇಲೆ ಅದೇ ಜಾಗದಿಂದ ಇನ್ನೊಂದು ತೆಳು ತುಂಡು ಬೇರೆ ಡಬ್ಬಿಯಲ್ಲಿ ಕಳಿಸಿದ್ದರಾ? ಕಳಿಸಿದ್ದು ಕ್ಯಾನ್ಸರ್ ಇಲ್ಲದೆ ಬಂದಿದ್ದರೆ ಡಾಕ್ಟರು ಅದನ್ನೂ ಲೆಕ್ಕಕ್ಕೆ ತಗೊಳ್ಳುತ್ತಾರೆ. ನಿಮ್ಮ ಫೋಟೋದಲ್ಲಿ ಎರಡನೇ ಪುಟ ಬಂದಿಲ್ಲ, ಅದರಲ್ಲಿ ಇರಬಹುದು.

ಈಗ ಗ್ರೇಡ್. ಇದನ್ನು ಸ್ಟೇಜಿನ ಜೊತೆ ಸೇರಿಸಿ ‘ಒಂದರಿಂದ ಮೂರಕ್ಕೆ’ ಅಂತ ಎಣಿಸಿದ್ದೇ ನಿಮ್ಮ ಗಾಬರಿಯ ಮೂಲ. ಗ್ರೇಡ್ ಅನ್ನುವುದು ಕಣಗಳ ಚಹರೆ. ಕ್ಯಾನ್ಸರ್ ಆಗಿದ್ದರೂ ಇನ್ನೂ ಮಾಮೂಲಿ ಬಾಯಿಯ ಕಣದ ಹೋಲಿಕೆ ಇದ್ದರೆ ಗ್ರೇಡ್ 1. ಅವು ಸುತ್ತಿಕೊಂಡು ಗುಲಾಬಿ ಬಣ್ಣದ ಮುತ್ತಿನ ಹಾಗೆ ಕಾಣುತ್ತವೆ, ನಾವು ಅದನ್ನು ಮುತ್ತು ಅಂತಲೇ ಕರೆಯುತ್ತೇವೆ. ಹೋಲಿಕೆ ಕಡಿಮೆಯಾದರೆ ಗ್ರೇಡ್ 2, ಗುರುತೇ ಸಿಗದಷ್ಟು ಕೆಟ್ಟಿದ್ದರೆ 3. ಮೊದಲು ಕಳಿಸಿದ್ದು ಹುಣ್ಣಿನ ಅಂಚಿನಿಂದ ತೆಗೆದ ಅಕ್ಕಿಕಾಳಿನಷ್ಟು ಚೂರು. ಅದರಲ್ಲಿ ಮುತ್ತು ಜಾಸ್ತಿ ಕಂಡಿತು, ಗ್ರೇಡ್ 1 ಬರೆದರು. ಈಗ ಇಡೀ ಗಡ್ಡೆ ನೋಡಿದಾಗ ಬೇರೆ ಕಡೆಯ ಕಣಗಳು ಇನ್ನಷ್ಟು ಕೆಟ್ಟಿದ್ದವು, ಗ್ರೇಡ್ 2 ಬರೆದರು. ಎರಡೂ ಸರಿ. ಮೂರು ವಾರದಲ್ಲಿ ಏನೂ ‘ಏರಿಲ್ಲ’. ಇನ್ನೂ ಒಂದು ಮಾತು, ಬಾಯಿಯ ಕ್ಯಾನ್ಸರಿನಲ್ಲಿ 1 ಮತ್ತು 2ರ ನಡುವಿನ ವ್ಯತ್ಯಾಸಕ್ಕೆ ಚಿಕಿತ್ಸೆ ಬದಲಾಗುವುದು ಕಡಿಮೆ. ಇಡೀ ರಿಪೋರ್ಟಿನಲ್ಲಿ ನಿಮ್ಮ ನಿದ್ದೆ ಕೆಡಿಸಲು ಅತಿ ಕಡಿಮೆ ಯೋಗ್ಯತೆ ಇರುವ ಸಾಲು ಅದು.

ಸ್ಟೇಜ್ ಬೇರೆಯದೇ ಲೆಕ್ಕ. ಕಣ ಹೇಗಿದೆ ಅಂತಲ್ಲ, ಎಲ್ಲಿಯವರೆಗೆ ಹೋಗಿದೆ ಅಂತ. ಮೊದಲ ಚೂರಿನ ರಿಪೋರ್ಟಿನಲ್ಲಿ ಸ್ಟೇಜ್ ಇರುವುದೇ ಇಲ್ಲ, ಇರಲೂ ಸಾಧ್ಯವಿಲ್ಲ. ಆಗ ಸ್ಟೇಜ್ ಹೇಳಿದ್ದರೆ ಕೈಯಲ್ಲಿ ಮುಟ್ಟಿ, ಸ್ಕ್ಯಾನ್ ನೋಡಿ ಮಾಡಿದ ಅಂದಾಜು. ಈಗಿನ pT2, pN1ರ ಶುರುವಿನಲ್ಲಿ ಇರುವ ಸಣ್ಣ p ಅಕ್ಷರ ‘ತೆಗೆದ ತುಂಡನ್ನೇ ನೋಡಿ ಹೇಳಿದ್ದು’ ಅನ್ನುವ ಗುರುತು.

T ಅಂದರೆ ಮೂಲ ಗಡ್ಡೆ. ಅಪ್ಪಾಜಿಯ ಗಡ್ಡೆ 2.6 ಸೆಂ.ಮೀ. ಅಗಲ, 7 ಮಿ.ಮೀ. ಆಳ ಇಳಿದಿದೆ. ಹಿಂದೆ ಅಗಲ ಮಾತ್ರ ನೋಡುತ್ತಿದ್ದರು. ಈಗ ಆಳಕ್ಕೂ ಬೆಲೆ ಬಂದಿದೆ, ಯಾಕೆಂದರೆ ಚಪ್ಪಟೆಯಾಗಿ ಹರಡಿದ ಹುಣ್ಣಿಗಿಂತ ಬೇರಿಳಿದ ಸಣ್ಣ ಹುಣ್ಣೇ ಕುತ್ತಿಗೆಗೆ ಬೇಗ ಹೋಗುತ್ತದೆ. ಅಗಲ 2ರಿಂದ 4 ಸೆಂ.ಮೀ., ಆಳ 10 ಮಿ.ಮೀ. ಒಳಗೆ ಇದ್ದರೆ pT2. ದವಡೆಯ ಮೂಳೆ ಕೊರೆದಿದ್ದರೆ, ಮುಖದ ಚರ್ಮ ಮುಟ್ಟಿದ್ದರೆ ಅದು T4ಕ್ಕೆ ಹೋಗುತ್ತಿತ್ತು. ಹೋಗಿಲ್ಲ.

N ಅಂದರೆ ಕುತ್ತಿಗೆಯ ಗಂಟುಗಳು, ಎಲ್ಲರಿಗೂ ಇರುವ ದುಗ್ಧಗ್ರಂಥಿಗಳು. ಸರ್ಜನ್ ಕುತ್ತಿಗೆಯ ಕೊಬ್ಬನ್ನು ಗಂಟುಗಳ ಸಮೇತ ತೆಗೆದಿದ್ದಾರೆ. ಆ ಕೊಬ್ಬನ್ನು ನಾವು ಬೆರಳಿನಿಂದ ಹಿಸುಕಿ ಹಿಸುಕಿ ಗಂಟು ಹುಡುಕುತ್ತೇವೆ, ಕೆಲವು ಹುರುಳಿ ಕಾಳಿನಷ್ಟಿರುತ್ತವೆ, ಕೆಲವು ಅವರೆಕಾಳಿನಷ್ಟು. ಅಪ್ಪಾಜಿಗೆ 28 ಸಿಕ್ಕಿವೆ, ಒಂದರಲ್ಲಿ ಕ್ಯಾನ್ಸರ್ ಇದೆ. ರಿಪೋರ್ಟಿನಲ್ಲಿ ‘1/28’ ಅಂತ ಬರೆದಿದ್ದು ಇದೇ. ಆಪರೇಷನ್ನಿಗೆ ಮುಂಚಿನ ಸ್ಕ್ಯಾನಿನಲ್ಲಿ ಅದು ಕಾಣದೇ ಹೋಗಿರಬಹುದು, ಯಾಕೆಂದರೆ ಗಂಟಿನ ಒಳಗೆ ಕೆಲವೇ ಮಿಲಿಮೀಟರ್ ಜಾಗದಲ್ಲಿ ಕೂತಿದ್ದರೆ ಗಂಟು ದೊಡ್ಡದಾಗುವುದೇ ಇಲ್ಲ. ಅದು ಈ ಮೂರು ವಾರದಲ್ಲಿ ಹುಟ್ಟಿದ್ದೇ ಅಂತ ಗಾಬರಿಯಾಗಬೇಡಿ, ಆಗಲೇ ಒಳಗಿದ್ದು ಕಾಣದೇ ಇದ್ದ ಸಾಧ್ಯತೆಯೇ ಜಾಸ್ತಿ. pN1 ಅನ್ನುವ ಎರಡಕ್ಷರ ಒಂದು ಅಂಕಿಯೊಳಗೆ ಒಂದು ಒಳ್ಳೆಯ ಸುದ್ದಿಯೂ ಅಡಗಿದೆ. ಗಂಟು ಒಂದೇ, ಅದೇ ಬದಿಯದು, 3 ಸೆಂ.ಮೀ. ಒಳಗಿನದು, ಮುಖ್ಯವಾಗಿ ಅದರ ಸಿಪ್ಪೆ ಒಡೆದು ಕ್ಯಾನ್ಸರ್ ಹೊರಗೆ ಚೆಲ್ಲಿಲ್ಲ. ಚೆಲ್ಲಿದ್ದರೆ pN1 ಅಂತ ಬರೆಯುವ ಹಾಗೇ ಇಲ್ಲ, pN2 ಅಥವಾ ಅದಕ್ಕೂ ಮೇಲೆ ಹೋಗುತ್ತದೆ.

ಕೊನೆಯ M, ಬೇರೆ ಅಂಗಕ್ಕೆ ಹರಡಿದೆಯಾ ಅನ್ನುವುದು. ನನ್ನ ಟೇಬಲ್ ಮೇಲೆ ಶ್ವಾಸಕೋಶ ಇರುವುದಿಲ್ಲವಲ್ಲ, ಅದನ್ನು ಡಾಕ್ಟರು ಸ್ಕ್ಯಾನ್ ನೋಡಿ ಸೇರಿಸುತ್ತಾರೆ. T2, N1, ಹರಡಿಲ್ಲ, ಮೂರನ್ನೂ ಕೂಡಿಸಿದರೆ ಸ್ಟೇಜ್ 3. ಇದು ‘ಲಾಸ್ಟ್ ಸ್ಟೇಜ್’ ಅಲ್ಲ, ಸಿನಿಮಾದವರು ಆ ಮಾತನ್ನು ಹಾಳು ಮಾಡಿಟ್ಟಿದ್ದಾರೆ. ಬಾಯಿಯ ಕ್ಯಾನ್ಸರಿನಲ್ಲಿ ಸ್ಟೇಜ್ 3ಕ್ಕೆ ಪೂರ್ತಿ ವಾಸಿ ಮಾಡುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತಾರೆ.

ಹಾಗಾದರೆ ಕರೆಂಟು ಯಾಕೆ? ಆಳದ ಅಂಚು ಹತ್ತಿರವಾಗಿದೆ, ಒಂದು ಗಂಟಿಗೆ ಹೋಗಿದೆ. ಇವೆರಡೂ ಸೇರಿದಾಗ ಕಣ್ಣಿಗೆ ಕಾಣದ ನಾಲ್ಕು ಕಣ ಕೆನ್ನೆಯಲ್ಲೋ ಕುತ್ತಿಗೆಯಲ್ಲೋ ಉಳಿದಿರುವ ಸಾಧ್ಯತೆ ಇರುತ್ತದೆ, ಅದಕ್ಕೇ ರೇಡಿಯೇಷನ್ ಹೇಳಿದ್ದಾರೆ. ನನ್ನನ್ನು ಕೇಳಿದರೆ ಅದು ಸರಿಯಾದ ಸಲಹೆ. ಮಾರ್ಜಿನ್ ಪಾಸಿಟಿವ್ ಇದ್ದರೆ ಅಥವಾ ಗಂಟಿನ ಸಿಪ್ಪೆ ಒಡೆದಿದ್ದರೆ ಜೊತೆಗೆ ಕೀಮೋ ಕೂಡ ಸೇರಿಸುತ್ತಾರೆ. ಅಪ್ಪಾಜಿಗೆ ಈ ಎರಡೂ ಇಲ್ಲ. ಯಾರಾದರೂ ಕೀಮೋ ಹೇಳಿದರೆ ‘ಯಾವ ಕಾರಣಕ್ಕೆ’ ಅಂತ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ.

ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ ಐದು ದಿನ, ಸುಮಾರು ಆರು ವಾರ ನಡೆಯುತ್ತದೆ. ಆಪರೇಷನ್ ಆದ ದಿನದಿಂದ ಆರು ವಾರದೊಳಗೆ ಶುರುವಾದರೆ ಒಳ್ಳೆಯದು, ಅದಕ್ಕಿಂತ ತಡವಾದಷ್ಟೂ ಪ್ರಯೋಜನ ಕಡಿಮೆಯಾಗುತ್ತದೆ. ನಿಮ್ಮಲ್ಲಿ ಈಗಾಗಲೇ ಒಂದಷ್ಟು ದಿನ ಜಗಳದಲ್ಲಿ ಹೋಗಿದೆ ಅಂತ ಕಾಣುತ್ತದೆ. ಮಿರಜ್‌ಗೋ ಬೆಂಗಳೂರಿಗೋ ಹೋಗಿ ಇನ್ನೊಬ್ಬರ ಅಭಿಪ್ರಾಯ ಕೇಳುವುದಿದ್ದರೆ ಕೇಳಿ. ಆದರೆ ರಿಪೋರ್ಟಿನ ಕಾಗದ ಮಾತ್ರ ತಗೊಂಡು ಹೋಗಬೇಡಿ, ಲ್ಯಾಬಿನಿಂದ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ, ಅರ್ಜಿ ಬರೆದುಕೊಟ್ಟರೆ ಕೊಡುತ್ತಾರೆ. ಮತ್ತೆ ನಾಳೆಯೇ ಅಪ್ಪಾಜಿಯನ್ನು ಹಲ್ಲಿನ ಡಾಕ್ಟರಿಗೆ ತೋರಿಸಿ. ಅಲ್ಲಾಡುವ, ಹುಳುಕು ಹಲ್ಲು ತೆಗೆಸುವುದಿದ್ದರೆ ರೇಡಿಯೇಷನ್ನಿಗೆ ಮುಂಚೆಯೇ ತೆಗೆಸಿ, ಗಾಯ ಮಾಯಲು ಎರಡು ವಾರವಾದರೂ ಬೇಕು. ಆಮೇಲೆ ಕಿತ್ತರೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ.