ಹಳೆಯ ಆಟದ ಹೊಸ ರೂಪಕ್ಕೆ ಭಾರೀ ಗ್ರಾಫಿಕ್ಸ್ ಕಾರ್ಡ್ ಏಕೆ ಬೇಕು

ಪ್ರಶ್ನೆ: ಕಾಸರಗೋಡಿನ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಕ್ವೇಕ್ 2 ಚೆನ್ನಾಗಿ ಓಡುತ್ತದೆ. ಅದೇ ಆಟದ ಆರ್‌ಟಿಎಕ್ಸ್ ಆವೃತ್ತಿ ಏಕೆ ಓಡುವುದಿಲ್ಲ?

ಉತ್ತರ: ಕಥೆ, ಕೋಣೆ, ಶತ್ರುಗಳು ಹಳೆಯವೇ ಆದರೂ ಬೆಳಕನ್ನು ಲೆಕ್ಕ ಹಾಕುವ ಕೆಲಸ ಈಗ ಪೂರ್ತಿಯಾಗಿ ನಿಮ್ಮ ಯಂತ್ರದ ಮೇಲೆ ಬಿದ್ದಿದೆ.

1997ರ ಮೂಲ ಆಟದಲ್ಲಿ, ಯಾವ ಗೋಡೆಯ ಮೇಲೆ ಎಷ್ಟು ಬೆಳಕು, ಎಲ್ಲಿ ನೆರಳು ಎಂಬುದನ್ನು ತಯಾರಕರು ತಮ್ಮ ಕಂಪ್ಯೂಟರುಗಳಲ್ಲಿ ಮೊದಲೇ ಲೆಕ್ಕ ಹಾಕಿ ಚಿತ್ರಗಳಾಗಿ ಉಳಿಸಿಟ್ಟಿದ್ದರು. ಗುಂಡಿನ ಹೊಳಪಿನಂಥ ಕೆಲವನ್ನು ಬಿಟ್ಟರೆ, ನಿಮ್ಮ ಯಂತ್ರ ಆ ಚಿತ್ರಗಳನ್ನು ಗೋಡೆಗೆ ಹಚ್ಚಿದರೆ ಸಾಕಿತ್ತು. ಆದ್ದರಿಂದಲೇ 90 ಮೆಗಾಹರ್ಟ್ಸ್‌ನ ಪೆಂಟಿಯಮ್ ಮತ್ತು 16 ಎಂಬಿ ಮೆಮೊರಿ ಅದರ ಕನಿಷ್ಠ ಅಗತ್ಯವಾಗಿತ್ತು.

2019ರ ಆರ್‌ಟಿಎಕ್ಸ್ ಆವೃತ್ತಿಯಲ್ಲಿ ಆ ಸಿದ್ಧ ಚಿತ್ರಗಳ ಬದಲು, ಪರದೆಯ ಪ್ರತಿ ಚುಕ್ಕೆಯಿಂದ ಹೊರಟ ಕಿರಣ ಎಲ್ಲಿ ತಾಗಿತು, ಎಲ್ಲಿಗೆ ಪುಟಿಯಿತು, ಯಾವ ದೀಪವನ್ನು ಕಂಡಿತು ಎಂಬುದನ್ನು ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಪ್ರತಿಯೊಂದು ಚಿತ್ರಕ್ಕೂ ಹೊಸದಾಗಿ ಲೆಕ್ಕ ಹಾಕಲಾಗುತ್ತದೆ. ಚುಕ್ಕೆಗಳೂ ಹೆಚ್ಚಿವೆ: 320×240ರ ಪರದೆಯಲ್ಲಿ 76,800 ಇದ್ದರೆ, 1920×1080ರಲ್ಲಿ ಅದರ 27 ಪಟ್ಟು. ಕೆಲವೇ ಕಿರಣಗಳಿಂದ ಬಂದ ಚಿತ್ರ ಮರಳು ಮರಳಾಗಿ ಕಾಣುವುದರಿಂದ ಅದನ್ನು ನಯಗೊಳಿಸುವ ಲೆಕ್ಕವೂ ಸೇರುತ್ತದೆ. ಹೀಗಾಗಿ ಕಿರಣಗಳ ಲೆಕ್ಕಕ್ಕೆಂದೇ ಪ್ರತ್ಯೇಕ ಭಾಗವಿರುವ ಆರ್‌ಟಿಎಕ್ಸ್ 2060ರಂಥ ಕಾರ್ಡನ್ನು ಕೇಳುತ್ತದೆ.

ಕಾರಣ ಇದೇ ಎಂಬುದನ್ನು ಪರೀಕ್ಷಿಸಬಹುದು: ಅದೇ ಆವೃತ್ತಿಯ ವೀಡಿಯೊ ಸೆಟ್ಟಿಂಗ್‌ನಲ್ಲಿ OpenGL ಆರಿಸಿದರೆ ಹಳೆಯ ಬೆಳಕಿನ ವಿಧಾನ ಮರಳುತ್ತದೆ, ಹೊರೆ ತಟ್ಟನೆ ಇಳಿಯುತ್ತದೆ.