ನಾವು ಗೋಣಿಚೀಲ ಸಪ್ಲೈ ಮಾಡೋ ದಾವಣಗೆರೆ ರೈಸ್ ಮಿಲ್ ಕಂಪನಿ ಶೇರ್ ಕ್ಯಾಪಿಟಲ್ ಇಳಿಸ್ತಿದೆಯಂತೆ, ನಮ್ಮ 6 ಲಕ್ಷ ಬಾಕಿ ಹೋಯ್ತಾ?

ಹೋಗಲ್ಲ ಸರ್, ಆದ್ರೆ ನೋಟಿಸ್ ಬಂದ್ರೆ ಸುಮ್ನೆ ಕೂರಬೇಡಿ. ಶೇರುದಾರರ ಮೀಟಿಂಗಲ್ಲಿ ಬಿದ್ದ ಓಟಲ್ಲಿ ಮುಕ್ಕಾಲು ಭಾಗ ಹೌದು ಅಂತ ಬಂದು ವಿಶೇಷ ನಿರ್ಣಯ ಪಾಸಾದ್ರೂ ಸಾಲಲ್ಲ, 2013ರ ಕಂಪನಿ ಕಾಯ್ದೆ ಸೆಕ್ಷನ್ 66ರ ಪ್ರಕಾರ ಕಂಪನಿ ಲಾ ಟ್ರಿಬ್ಯೂನಲ್, ಅಂದ್ರೆ ನಮ್ಮ ಕಡೆಯವ್ರಿಗೆ ಬೆಂಗಳೂರು ಬೆಂಚ್, ಒಪ್ಪಲೇಬೇಕು.

ಯಾಕಂದ್ರೆ ಕಂಪನಿ ಮುಚ್ಚಿದ್ರೆ ಮೊದಲು ನಿಮ್ಮಂಥ ಬಾಕಿ ಬರಬೇಕಾದವ್ರಿಗೆ ಕೊಟ್ಟು ಉಳಿದ್ರೆ ಮಾತ್ರ ಶೇರುದಾರರಿಗೆ. ಈಗ 1 ಕೋಟಿ ಕ್ಯಾಪಿಟಲಲ್ಲಿ 40 ಲಕ್ಷ ಶೇರುದಾರರಿಗೆ ವಾಪಸ್ ಕೊಟ್ರೆ ಅವ್ರು ನಿಮ್ಗಿಂತ ಮುಂಚೆ ದುಡ್ಡು ಎತ್ಕೊಂಡ ಹಾಗಾಯ್ತಲ್ಲ!

ಅದಕ್ಕೇ ಕಂಪನಿ ಯಾರ್ಯಾರಿಗೆ ಎಷ್ಟೆಷ್ಟು ಬಾಕಿ ಅಂತ ಲಿಸ್ಟ್ ಕೊಡಬೇಕು, ಟ್ರಿಬ್ಯೂನಲ್ ಕಡೆಯಿಂದ ನಿಮ್ಗೂ ನೋಟಿಸ್ ಬರುತ್ತೆ, ತಕರಾರಿದ್ರೆ ಅದು ಕೈಗೆ ಸಿಕ್ಕ 3 ತಿಂಗಳೊಳಗೆ ಬರೆದು ಹಾಕಬೇಕು, ಹಾಕದಿದ್ರೆ ಒಪ್ಪಿಗೆ ಇದೆ ಅಂತಾನೇ ಲೆಕ್ಕ. ಲಿಸ್ಟಲ್ಲಿ ನಿಮ್ಮ ಹೆಸರಿನ ಮುಂದೆ 6 ಲಕ್ಷದ ಬದಲು 4 ಲಕ್ಷ ಅಂತ ಇದ್ರೆ ಬಿಲ್ಲು, ಲೆಡ್ಜರ್ ಕಾಪಿ ಇಟ್ಟು ಅದನ್ನೇ ಹೇಳಿ. ಬಾಕಿ ತೀರಿಸಿರಬೇಕು, ಇಲ್ಲಾ ಅದಕ್ಕೆ ಭದ್ರತೆ ಕೊಟ್ಟಿರಬೇಕು, ಇಲ್ಲಾ ನೀವು ಒಪ್ಪಿರಬೇಕು, ಇದು ಮನವರಿಕೆ ಆದ್ಮೇಲೇ ಟ್ರಿಬ್ಯೂನಲ್ ಆರ್ಡರ್ ಕೊಡೋದು. ಕಂಪನಿ ಡೆಪಾಸಿಟ್ ತಗೊಂಡು ವಾಪಸ್ ಕೊಡೋದು ಬಾಕಿ ಇಟ್ಕೊಂಡಿದ್ರಂತೂ ಕ್ಯಾಪಿಟಲ್ ಇಳಿಸೋ ಹಾಗೇ ಇಲ್ಲ.

ಲಿಸ್ಟಲ್ಲಿ ನಿಮ್ಮ ಹೆಸರೇ ಬಿಟ್ಟು, ನಿಮ್ಗೆ ವಿಷ್ಯನೇ ಗೊತ್ತಾಗದೆ ಆರ್ಡರ್ ಆಗಿ, ಆಮೇಲೆ ಕಂಪನಿ ಕೈಲಿ ಕೊಡೋಕಾಗದಿದ್ರೆ ಆಗಿನ ಶೇರುದಾರರೇ ಒಂದು ಮಿತಿವರೆಗೆ ಕೈಯಿಂದ ಕಟ್ಟಬೇಕಾಗುತ್ತೆ, ಬೇಕಂತ್ಲೇ ಹೆಸರು ಮುಚ್ಚಿಟ್ಟ ಆಫೀಸರ್ ಮೇಲೆ ವಂಚನೆ ಕೇಸೂ ಬೀಳುತ್ತೆ.