ಮಾತಾಡ್ತಾ ಸುಮ್ಮನಾದ್ರೆ ಶಾಂತ ಆದ್ರು ಅಂತನಾ?

ಆಪ್ತ ಸಮಾಲೋಚಕಿಯೊಬ್ಬರ ಪ್ರಶ್ನೆ: "ಗಂಗಾವತಿ ರೋಡ್‌ನ್ಯಾಗ ಭತ್ತದ ಲಾರಿ ಬಡಿದ ಕ್ಲೈಂಟ್ ಘಟನೆ ಹೇಳ್ತಾ ಹೇಳ್ತಾ ಸುಮ್ಮನಾಗ್ತಾರ. ಶಾಂತ ಆದ್ರು ಅಂತ ಮುಂದುವರಿಸಬಹುದಾ?"

ಬ್ಯಾಡ ಅಕ್ಕಾರ, ಅಲ್ಲೇ ನಿಲ್ಲಿಸ್ರಿ. ನೋಟ ಒಂದೇ ಕಡೆ ನೆಟ್ಟು, ಉತ್ತರ ತಡವಾಗಿ, ದನಿ ಸಣ್ಣದಾಗಿ ಬಂದರೆ ಅದು ಶಾಂತಿಯಲ್ಲ. ಮನೋವೈದ್ಯ ಡಾನ್ ಸೀಗಲ್ 1999ರಲ್ಲಿ 'ವಿಂಡೋ ಆಫ್ ಟಾಲರೆನ್ಸ್' ಎಂದು ಹೆಸರಿಟ್ಟ, ಮನಸ್ಸು ತಳಮಳವನ್ನು ತಾಳಿಕೊಳ್ಳಬಲ್ಲ ಮಿತಿಯ ಕೆಳಗಿನ ಅಂಚನ್ನು ದಾಟಿ ಅವರು ಮರಗಟ್ಟಿದ್ದಾರೆ. ನಿಜವಾಗಿ ಸಮಾಧಾನವಾದವರು ನಿಮ್ಮ ಮುಖ ನೋಡುತ್ತಾರೆ, ಉಸಿರು ಆಳವಾಗುತ್ತದೆ.

ಇಲ್ಲಿ ಹೆಚ್ಚಿನವರು ತಪ್ಪುವುದು ಒಂದು ಕಡೆ: ಕಣ್ಣು ಮುಚ್ಚಿಸಿ ನಿಧಾನವಾಗಿ ಉಸಿರಾಡಿಸುತ್ತಾರೆ. ಎದೆ ಬಡಿತ ಏರಿ ನಡುಗುವವರಿಗೆ ನಿಧಾನದ ಉಸಿರು ನೆರವಾಗಬಹುದು. ಮರಗಟ್ಟಿದವರನ್ನು ಅದು ಇನ್ನೂ ಕೆಳಕ್ಕೆ ಎಳೆಯಬಹುದು. ಇವರಿಗೆ ಚಲನೆ ಬೇಕು. ಕಣ್ಣು ತೆರೆದೇ ಇರಲಿ. ಪಾದ ನೆಲಕ್ಕೆ ಒತ್ತಿಸಿ, ಎದ್ದು ನಿಲ್ಲಿಸಿ, ಕೋಣೆಯಲ್ಲಿ ಕಾಣುವ ಮೂರು ವಸ್ತು ಹೇಳಿಸಿ. ದನಿ ಮೊದಲಿನಂತಾಗುವ ತನಕ ಲಾರಿಯ ಮಾತು ಬೇಡ.

ಮುಂದಿನ ಭೇಟಿಯಲ್ಲಿ ಡಿಕ್ಕಿಯಿಂದ ಶುರು ಮಾಡಬೇಡಿ. ಆ ದಿನ ಮನೆಯಿಂದ ಬೈಕ್ ತೆಗೆದ ಹೊತ್ತಿನಿಂದ ಎರಡು ಮೂರು ನಿಮಿಷ ಹೇಳಲಿ, ನಿಲ್ಲಿಸಿ "ಈಗ ಮೈಯಲ್ಲಿ ಏನಾಗ್ತಿದೆ?" ಎಂದು ಕೇಳಿ. ಸ್ವಲ್ಪ ತಳಮಳ ಇರಲಿ, ಅದಿಲ್ಲದೆ ಕೆಲಸವೂ ಆಗದು. ಉತ್ತರ ಬಂದರೆ ಮುಂದಿನ ತುಣುಕು. "ಏನೂ ಗೊತ್ತಾಗ್ತಿಲ್ಲ" ಎಂದರೆ ವಾಪಸ್ ಪಾದ ಒತ್ತಿಸುವ, ವಸ್ತು ಹೇಳಿಸುವ ಕೆಲಸಕ್ಕೆ. ಐವತ್ತು ನಿಮಿಷದ ಭೇಟಿಯಲ್ಲಿ ಕೊನೆಯ ಹದಿನೈದರಲ್ಲಿ ಹೊಸದೇನನ್ನೂ ತೆರೆಯಬೇಡಿ; ಅವರು ಅದೇ ರಸ್ತೆಯಲ್ಲಿ ಮನೆಗೆ ಹೋಗಬೇಕಲ್ಲ.

ಒಂದು ಮಾತು ಮರೆಯಬೇಡಿ: ಅಪಘಾತದಲ್ಲಿ ತಲೆಗೆ ಪೆಟ್ಟಾಗಿತ್ತೇ ಕೇಳಿ. ಘಟನೆಯ ಮಾತಿಲ್ಲದಾಗಲೂ ಹೀಗೆ ಮಂಕಾಗುತ್ತಿದ್ದರೆ ಫಿಟ್ಸ್ ಇರಬಹುದು, ಮೊದಲು ನರರೋಗ ತಜ್ಞರಿಗೆ ತೋರಿಸಿ.